ಪ್ರೆಸಿ ಬರೆದರೆ 13 ಪದ ಜಾಸ್ತಿ ಆಗುತ್ತಿದೆ. ಎಲ್ಲಿ ಕತ್ತರಿಸಬೇಕು?

ಕಾವ್ಯ_ಅರಸೀಕೆರೆ

ಎಲ್ಲರಿಗೂ ನಮಸ್ಕಾರ. ಯುಪಿಎಸ್‌ಸಿ ಮೇನ್ಸ್‌ನ ಕಡ್ಡಾಯ ಭಾಷಾ ಪತ್ರಿಕೆಗೆ ಕನ್ನಡ ತೆಗೆದುಕೊಂಡಿದ್ದೇನೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಆಮೇಲೆ ಎಂಜಿನಿಯರಿಂಗ್, ಕೆಲಸ ಎಲ್ಲಾ ಇಂಗ್ಲಿಷ್‌ನಲ್ಲೇ. 300 ಅಂಕದಲ್ಲಿ ಶೇಕಡಾ 25 ಬಂದರೆ ಸಾಕು, ಇದು ಬರೀ ಅರ್ಹತಾ ಪತ್ರಿಕೆ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಇದರಲ್ಲಿ ಬಿದ್ದರೆ ಉಳಿದ ಪತ್ರಿಕೆಗಳ ಅಂಕ ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೇ ಹೆದರಿಕೆ.

ಹಳೆಯ ಪ್ರಶ್ನೆಪತ್ರಿಕೆಗಳನ್ನು ಇಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದೇನೆ. ಪ್ರಬಂಧ ಹೇಗೋ ಆಗುತ್ತದೆ. ನನಗೆ ಕಷ್ಟ ಎರಡೇ. ಒಂದು, 60 ಅಂಕದ ಪ್ರೆಸಿ. ಮೂರನೇ ಒಂದು ಭಾಗಕ್ಕೆ ಇಳಿಸಬೇಕು, ನನ್ನದು ಯಾವಾಗಲೂ ಅರ್ಧದ ಹತ್ತಿರ ನಿಲ್ಲುತ್ತದೆ. ಎರಡು, 20 ಮತ್ತು 20 ಅಂಕದ ಅನುವಾದ. ಬರೆದದ್ದನ್ನು ಓದಿದರೆ ಸರ್ಕಾರಿ ಸುತ್ತೋಲೆ ಓದಿದ ಹಾಗಿರುತ್ತದೆ.

ಅಭ್ಯಾಸಕ್ಕೆ ಅಂತ ನಾನೇ ಒಂದು ಚಿಕ್ಕ ಗದ್ಯಭಾಗ ಬರೆದುಕೊಂಡೆ. ಸರಿಯಾಗಿ 90 ಪದ. ಅಂದರೆ 30ಕ್ಕೆ ಇಳಿಯಬೇಕು.

"ಹಿಂದಿನ ಕಾಲದಲ್ಲಿ ನಮ್ಮ ಬಯಲುಸೀಮೆಯ ಪ್ರತಿಯೊಂದು ಊರಿಗೂ ಒಂದು ಕೆರೆ ಇರುತ್ತಿತ್ತು. ಮಳೆಗಾಲದಲ್ಲಿ ಬಿದ್ದ ನೀರು ಹಳ್ಳಗಳ ಮೂಲಕ ಹರಿದು ಬಂದು ಕೆರೆಯಲ್ಲಿ ತುಂಬಿಕೊಳ್ಳುತ್ತಿತ್ತು. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಮುಂದಿನ ಊರಿನ ಕೆರೆಗೆ ಹೋಗುತ್ತಿತ್ತು. ಪ್ರತಿ ವರ್ಷ ಬೇಸಿಗೆಯಲ್ಲಿ ಊರಿನ ಜನರೆಲ್ಲ ಒಟ್ಟಾಗಿ ಸೇರಿ ಕೆರೆಯ ಹೂಳನ್ನು ತೆಗೆದು ತಮ್ಮ ತಮ್ಮ ಹೊಲಗಳಿಗೆ ಗೊಬ್ಬರವಾಗಿ ಹಾಕಿಕೊಳ್ಳುತ್ತಿದ್ದರು. ಇದರಿಂದ ಕೆರೆಯೂ ಆಳವಾಗಿ ಉಳಿಯುತ್ತಿತ್ತು, ಹೊಲವೂ ಫಲವತ್ತಾಗುತ್ತಿತ್ತು. ಕೊಳವೆಬಾವಿ ಬಂದ ಮೇಲೆ ಈ ಪರಿಸ್ಥಿತಿ ಪೂರ್ತಿಯಾಗಿ ಬದಲಾಯಿತು. ಗುಂಡಿ ಒತ್ತಿದರೆ ಹೊಲಕ್ಕೆ ನೀರು ಬರುವಾಗ ಕೆರೆಯ ಚಿಂತೆ ಯಾರಿಗೂ ಬೇಡವಾಯಿತು. ಹೂಳು ತುಂಬಿತು, ಕಾಲುವೆಗಳು ಮುಚ್ಚಿಹೋದವು, ಕೆರೆಯಂಗಳ ಒತ್ತುವರಿಯಾಯಿತು. ಕೆರೆಯಲ್ಲಿ ನೀರು ನಿಲ್ಲದ ಕಾರಣ ನೆಲದೊಳಗಿನ ನೀರೂ ಕೆಳಗಿಳಿಯಿತು, ಕೊನೆಗೆ ಆ ಕೊಳವೆಬಾವಿಗಳೇ ಬತ್ತಿಹೋದವು. ಈಗ ಜನರಿಗೆ ಮತ್ತೆ ಆ ಕೆರೆಯ ನೆನಪು ಬಂದಿದೆ."

ನಾನು ಬರೆದ ಪ್ರೆಸಿ ಇದು:

"ಹಿಂದಿನ ಕಾಲದಲ್ಲಿ ಪ್ರತಿಯೊಂದು ಊರಿಗೂ ಒಂದು ಕೆರೆ ಇರುತ್ತಿತ್ತು. ಒಂದು ಕೆರೆ ತುಂಬಿದರೆ ನೀರು ಮುಂದಿನ ಕೆರೆಗೆ ಹೋಗುತ್ತಿತ್ತು. ಜನರೆಲ್ಲ ಒಟ್ಟಾಗಿ ಸೇರಿ ಹೂಳನ್ನು ತೆಗೆದು ಹೊಲಗಳಿಗೆ ಹಾಕಿಕೊಳ್ಳುತ್ತಿದ್ದರು. ಕೊಳವೆಬಾವಿ ಬಂದ ಮೇಲೆ ಕೆರೆಯ ಚಿಂತೆ ಯಾರಿಗೂ ಬೇಡವಾಯಿತು. ಹೂಳು ತುಂಬಿತು, ಕಾಲುವೆಗಳು ಮುಚ್ಚಿಹೋದವು. ನೆಲದೊಳಗಿನ ನೀರು ಕೆಳಗಿಳಿದು ಕೊಳವೆಬಾವಿಗಳೂ ಬತ್ತಿಹೋದವು. ಈಗ ಜನರಿಗೆ ಮತ್ತೆ ಕೆರೆಯ ನೆನಪು ಬಂದಿದೆ."

ಎಣಿಸಿದರೆ 43 ಪದ. 13 ಜಾಸ್ತಿ. ಯಾವುದನ್ನು ತೆಗೆದರೂ ಏನೋ ಒಂದು ವಿಷಯ ಬಿಟ್ಟುಹೋಗುತ್ತದೆ ಅನ್ನಿಸುತ್ತದೆ. ದಯವಿಟ್ಟು ತಿದ್ದಿ.

ಶಿವು_ಚಿತ್ರದುರ್ಗ

ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಡಿ ಮೇಡಂ. ಪದಗಳನ್ನು ಸೇರಿಸಿ ಬರೆಯಿರಿ. "ಬಂದ ಮೇಲೆ" ಎರಡು ಪದ, "ಬಂದಮೇಲೆ" ಒಂದೇ ಪದ. "ಪ್ರತಿ ವರ್ಷ" ಎರಡು, "ಪ್ರತಿವರ್ಷ" ಒಂದು. ಕನ್ನಡದಲ್ಲಿ ಸಂಧಿ, ಸಮಾಸ ಇರುವುದೇ ಇದಕ್ಕೆ. ಜೊತೆಗೆ ಒಂದು ಒಳ್ಳೆಯ ಶೀರ್ಷಿಕೆ ಕೊಡಿ, ಅದಕ್ಕೆ ಬೇರೆ ಅಂಕ ಇರುತ್ತದೆ.

ಗೀತಾ_ಟೀಚರ್

ಸಾರಾಂಶ ಬರೆಯುವಾಗ ಮೊದಲು ಕವಿಯ ಹೆಸರು, ಕೃತಿಯ ಹೆಸರು ಬರೆಯಬೇಕು. ಆಮೇಲೆ ಪದ್ಯದ ಒಂದೊಂದು ಸಾಲನ್ನೂ ಬಿಡಿಸಿ ಬರೆಯಬೇಕು. ಕೊನೆಗೆ ಮೌಲ್ಯ. ನಾನು ನಮ್ಮ ಹತ್ತನೇ ತರಗತಿ ಮಕ್ಕಳಿಗೆ ಹಾಗೇ ಹೇಳಿಕೊಡುವುದು. ಚೆನ್ನಾಗಿ ಬಿಡಿಸಿ ಬರೆದವರಿಗೆ ಒಳ್ಳೆಯ ಅಂಕ ಬರುತ್ತದೆ.

ಹುಬ್ಬಳ್ಳಿ_ಮೇಷ್ಟ್ರು

ಗೀತಾ ಅವರೇ, ನೀವು ಹೇಳಿದ್ದು ಪದ್ಯದ ಸಾರಾಂಶಕ್ಕೆ ಸರಿ. ಇಲ್ಲಿ ಕೇಳಿರುವುದು ಅದಲ್ಲ, ಗದ್ಯದ ಸಂಕ್ಷೇಪ. ಆದರೂ ನಿಮ್ಮ ಮಾತಿನಿಂದ ಒಂದು ಮುಖ್ಯ ವಿಷಯ ಹೊರಗೆ ಬಂತು. ನಮ್ಮ ಶಾಲೆಗಳಲ್ಲಿ ಸಾರಾಂಶ ಅಂದರೆ ನಾಲ್ಕು ಸಾಲಿನ ಪದ್ಯವನ್ನು ಹತ್ತು ಸಾಲು ಮಾಡುವುದು. ಹತ್ತು ವರ್ಷ ಹಿಗ್ಗಿಸುವುದನ್ನೇ ಕಲಿತ ಕೈಗೆ ಕುಗ್ಗಿಸಲು ಹೇಳಿದರೆ ಅದು ಒಪ್ಪುವುದಿಲ್ಲ. ಕಾವ್ಯ ಅವರ ತೊಂದರೆಯ ಬೇರು ಅಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ.

ಶಿವು, ಶೀರ್ಷಿಕೆಯ ವಿಷಯದಲ್ಲಿ ನೀವು ತಪ್ಪು. ಯುಪಿಎಸ್‌ಸಿಯ ಇತ್ತೀಚಿನ ಪತ್ರಿಕೆಗಳಲ್ಲಿ ಶೀರ್ಷಿಕೆ ಕೊಡಬೇಡಿ ಅಂತಲೇ ಅಚ್ಚಾಗಿರುತ್ತದೆ. ಪ್ರಶ್ನೆಯ ಮೇಲಿನ ಎರಡು ಸಾಲಿನಲ್ಲಿ ಮೂರು ಮಾತು ಇರುತ್ತವೆ: ಸುಮಾರು ಮೂರನೇ ಒಂದು ಭಾಗ, ಶೀರ್ಷಿಕೆ ಬೇಡ, ನಿಮ್ಮ ಸ್ವಂತ ಮಾತಿನಲ್ಲಿ. ಕಾವ್ಯ ಅವರ ಪ್ರೆಸಿ ಈ ಮೂರನೆಯದರಲ್ಲೂ ಎಡವಿದೆ. ನೋಡ್ರಿ, ಏಳು ವಾಕ್ಯದಲ್ಲಿ ಏಳೂ ಮೂಲದಿಂದ ಎತ್ತಿದ್ದು. ವಾಕ್ಯ ಎತ್ತಿ ಇಟ್ಟರೆ ಪದ ಕಡಿಮೆ ಆಗುವುದೇ ಇಲ್ಲ. ಪ್ರತಿ ವಾಕ್ಯವೂ ತನ್ನ ಬಾಲವನ್ನು ಜೊತೆಗೇ ತರುತ್ತದೆ.

ಸೇರಿಸಿ ಬರೆಯುವ ವಿಷಯಕ್ಕೆ ಆಮೇಲೆ ಬರುತ್ತೇನೆ. ಈಗ ಶಾಲೆಯಿಂದ ಮೊಮ್ಮಗಳನ್ನು ಕರೆತರಬೇಕು.

ಮೂರನೇ_ಪ್ರಯತ್ನ

ಆ ಎರಡು ಸಾಲನ್ನು ಸರಿಯಾಗಿ ಓದುವುದು ಎಷ್ಟು ಮುಖ್ಯ ಅಂತ ನನ್ನನ್ನು ಕೇಳಿ. ಮೊದಲ ಸಲ ಪರೀಕ್ಷೆ ಬರೆದಾಗ "ಮೂರನೇ ಒಂದು ಭಾಗಕ್ಕೆ" ಅನ್ನುವುದನ್ನು "ಮೂರನೇ ಒಂದು ಭಾಗ ಕಡಿಮೆ ಮಾಡಿ" ಅಂತ ತಿಳಿದುಕೊಂಡೆ. ಮೂರರಲ್ಲಿ ಎರಡು ಭಾಗ ಹಾಗೇ ಉಳಿಸಿ ಬರೆದು, ಎಷ್ಟು ಸುಲಭ ಇತ್ತು ಅಂದುಕೊಂಡು ಹೊರಗೆ ಬಂದೆ. ಗೆಳೆಯನ ಜೊತೆ ಮಾತಾಡಿದಾಗಲೇ ಗೊತ್ತಾಗಿದ್ದು. ಆ ವರ್ಷ ಕನ್ನಡ ಪತ್ರಿಕೆಯಲ್ಲೇ ನಿಂತುಹೋದೆ. ಪ್ರೆಸಿ ಒಂದರಿಂದಲೇ ಅಂತ ಹೇಳಲಾರೆ, ಪ್ರಬಂಧವನ್ನೂ ಅರ್ಧಕ್ಕೆ ಬಿಟ್ಟಿದ್ದೆ.

ಈಗ ನಾನು ಮಾಡುವುದು ಇಷ್ಟು. ಗದ್ಯಭಾಗದ ಐದು ಸಾಲಿನ ಪದ ಎಣಿಸಿ ಒಂದು ಸಾಲಿಗೆ ಸರಾಸರಿ ಎಷ್ಟು ಅಂತ ನೋಡುತ್ತೇನೆ. ಅದನ್ನು ಒಟ್ಟು ಸಾಲಿನಿಂದ ಗುಣಿಸಿ ಮೂರರಿಂದ ಭಾಗಿಸುತ್ತೇನೆ. ಬಂದ ಸಂಖ್ಯೆಯನ್ನು ಪೆನ್ಸಿಲ್‌ನಲ್ಲಿ ಅಂಚಿಗೆ ಬರೆದುಕೊಂಡ ಮೇಲೆ ಓದಲು ಶುರು ಮಾಡುವುದು. ಎರಡು ನಿಮಿಷ ಸಾಕು.

ಕಾವ್ಯ_ಅರಸೀಕೆರೆ

ಅಣ್ಣಾ, ಹೇಳಿದ್ದು ಒಳ್ಳೆಯದಾಯಿತು. ಪ್ರೆಸಿಗೆ ಒಟ್ಟು ಎಷ್ಟು ಹೊತ್ತು ಇಟ್ಟುಕೊಳ್ಳುತ್ತೀರಿ?

ಮೂರನೇ_ಪ್ರಯತ್ನ

ಮೂರು ಗಂಟೆ ಅಂದರೆ 180 ನಿಮಿಷ, 300 ಅಂಕ. ಆ ಲೆಕ್ಕದಲ್ಲಿ 60 ಅಂಕಕ್ಕೆ 36 ನಿಮಿಷ. ನಾನು 40 ಕೊಡುತ್ತೇನೆ. ಅನುವಾದದಿಂದ ನಾಲ್ಕು ನಿಮಿಷ ತೆಗೆಯುತ್ತೇನೆ.

ಶಿವು_ಚಿತ್ರದುರ್ಗ

ಸರಿ, ಶೀರ್ಷಿಕೆ ಬೇಡ, ಒಪ್ಪಿದೆ. ಆದರೆ ಈ ಗದ್ಯಭಾಗ ಅಷ್ಟೇನೂ ಕಷ್ಟ ಇಲ್ಲ. ನಾನೇ ಬರೆಯುತ್ತೇನೆ ನೋಡಿ:

"ಹಿಂದೆ ಊರಿಗೊಂದು ಕೆರೆಯಿತ್ತು. ಜನರೇ ಹೂಳು ತೆಗೆದು ಕಾಪಾಡುತ್ತಿದ್ದರು. ಕೊಳವೆಬಾವಿಗಳು ಜಾಸ್ತಿಯಾಗಿ ಅಂತರ್ಜಲವನ್ನೆಲ್ಲ ಹೀರಿದವು. ಕೆರೆಗಳು ಹಾಳಾದವು. ಆದ್ದರಿಂದ ನಾವೆಲ್ಲರೂ ಕೆರೆಗಳನ್ನು ಉಳಿಸಬೇಕು."

30ಕ್ಕಿಂತ ಎಷ್ಟೋ ಕಡಿಮೆ. ಚಿಕ್ಕದಾಗಿದ್ದಷ್ಟೂ ಒಳ್ಳೆಯದು ಅಲ್ವಾ?

ಡೆಸ್ಕಿನವಳು

ಅಲ್ಲ ಶಿವು. ನಿಮ್ಮದು 17 ಪದ. ಪತ್ರಿಕೆಯ ಮೊದಲ ಪುಟದ ಸೂಚನೆ ನೋಡಿ. ಹೇಳಿದ ಮಿತಿಗಿಂತ ತುಂಬ ಉದ್ದವಾದರೂ, ತುಂಬ ಚಿಕ್ಕದಾದರೂ ಅಂಕ ಕಡಿಮೆ ಮಾಡಬಹುದು ಅಂತ ಅಲ್ಲಿರುತ್ತದೆ. 17 ಅಂದರೆ ಅರ್ಧದ ಚೂರು ಮೇಲೆ. ಒಂದು ಕೆರೆಯ ನೀರು ಇನ್ನೊಂದಕ್ಕೆ ಹೋಗುವ ವಿಷಯ ಇಲ್ಲ. ಹೂಳು ಗೊಬ್ಬರವಾಗುವುದು ಇಲ್ಲ. ಕೊಳವೆಬಾವಿ ಬತ್ತಿದ್ದೂ ಇಲ್ಲ. ಆದರೆ ಮೂಲದಲ್ಲಿ ಇಲ್ಲದ "ಉಳಿಸಬೇಕು" ಬಂದು ಕೂತಿದೆ.

ನಾನು ಕನ್ನಡ ದಿನಪತ್ರಿಕೆಯೊಂದರ ಡೆಸ್ಕ್‌ನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಸುದ್ದಿ ಕತ್ತರಿಸುವುದೇ ಕೆಲಸ. ಜಾಗ ಕಡಿಮೆ ಅಂತ ವಿಷಯ ಬಿಡುವುದು ಸುಲಭ. ವಿಷಯ ಉಳಿಸಿ ಪದ ಬಿಡುವುದೇ ಕಷ್ಟ.

ಶಿವು_ಚಿತ್ರದುರ್ಗ

"ಉಳಿಸಬೇಕು" ಬಿಡಿ, ತೆಗೆಯುತ್ತೇನೆ. ಆದರೆ ಕೊಳವೆಬಾವಿ ಅಂತರ್ಜಲ ಹೀರಿದ್ದು ನಿಜ ತಾನೆ? ನಮ್ಮ ಕಡೆ ಬಂದು ನೋಡಿ. ನಮ್ಮ ಹೊಲದಲ್ಲೇ ನಾಲ್ಕು ಕೊರೆಸಿದ್ದೇವೆ, ಮೂರು ಬತ್ತಿವೆ.

ಹುಬ್ಬಳ್ಳಿ_ಮೇಷ್ಟ್ರು

ನಿಜವೇ. ಆದರೆ ಗದ್ಯಭಾಗ ಅದನ್ನು ಹೇಳಿಲ್ಲ. "ಕೆರೆಯಲ್ಲಿ ನೀರು ನಿಲ್ಲದ ಕಾರಣ ನೆಲದೊಳಗಿನ ನೀರೂ ಕೆಳಗಿಳಿಯಿತು" ಅಂತ ಹೇಳಿದೆ. ಲೇಖಕರು ಕೊಟ್ಟ ಕಾರಣ ಒಂದು, ನೀವು ಬರೆದ ಕಾರಣ ಇನ್ನೊಂದು. ನಮಗೆ ಗೊತ್ತಿರುವ ವಿಷಯದ ಗದ್ಯ ಬಂದಾಗಲೇ ಈ ತಪ್ಪು ಜಾಸ್ತಿ. ನಮ್ಮ ಅನುಭವ ಬಂದು ಲೇಖಕರ ಜಾಗದಲ್ಲಿ ಕೂರುತ್ತದೆ. ಪರೀಕ್ಷಕರು ಮೊದಲು ಹುಡುಕುವುದು ಕಾರಣ ಮತ್ತು ಪರಿಣಾಮದ ಕೊಂಡಿಯನ್ನು. ಕಾವ್ಯ ಅವರೇ, ನಿಮ್ಮ 43 ಪದದಲ್ಲೂ ಈ ಕೊಂಡಿ ಇಲ್ಲ. ನೆಲದೊಳಗಿನ ನೀರು ಯಾಕೆ ಇಳಿಯಿತು ಅಂತ ನೀವು ಹೇಳಿಯೇ ಇಲ್ಲ. 13 ಪದ ಜಾಸ್ತಿ ಬರೆದೂ ಮುಖ್ಯವಾದದ್ದು ಬಿಟ್ಟುಹೋಗಿದೆ.

ಈಗ ಕತ್ತರಿಸುವ ಕೆಲಸ. ನಾನು ಮೂಲವನ್ನು ಎರಡು ಸಲ ಓದಿ ಹಾಳೆ ಮುಚ್ಚುತ್ತೇನೆ. ಮುಚ್ಚಿದ ಮೇಲೆ ನೆನಪಿನಲ್ಲಿ ಉಳಿದದ್ದನ್ನು ಒಂದೊಂದು ತುಣುಕಾಗಿ ಬರೆಯುತ್ತೇನೆ: ಕೂಡಿಕೊಂಡ ಕೆರೆಗಳು, ಊರವರೇ ಹೂಳು ತೆಗೆದದ್ದು, ಅದರ ಎರಡು ಲಾಭ, ಕೊಳವೆಬಾವಿ, ಮರೆವು, ಹಾಳಾದದ್ದು, ನೀರು ನಿಲ್ಲದೆ ಬತ್ತಿದ್ದು, ಈಗ ನೆನಪು. ಆಮೇಲೆ ಈ ತುಣುಕುಗಳಿಂದ ವಾಕ್ಯ ಕಟ್ಟುತ್ತೇನೆ. ಮೂಲದ ವಾಕ್ಯ ಕಣ್ಣ ಮುಂದೆ ಇಲ್ಲದಿದ್ದರೆ ಎತ್ತಲು ಆಗುವುದಿಲ್ಲ.

"ಒಂದು ಕೆರೆ ತುಂಬಿದರೆ ನೀರು ಮುಂದಿನ ಕೆರೆಗೆ ಹೋಗುತ್ತಿತ್ತು", ಇದು 7 ಪದ. "ಒಂದಕ್ಕೊಂದು ಕೂಡಿಕೊಂಡ ಕೆರೆಗಳು" ಅಂದರೆ ಮೂರು. "ಒಟ್ಟಾಗಿ ಸೇರಿ" ಅನ್ನುವಲ್ಲಿ ಎರಡೂ ಪದದ ಅರ್ಥ ಒಂದೇ. "ಹೂಳನ್ನು ತೆಗೆದು" ಬದಲು ಹಳ್ಳಿಯ ಮಾತು "ಹೂಳೆತ್ತಿ" ಇದೆ. ಹೂಳು, ಕಾಲುವೆ, ಒತ್ತುವರಿ ಮೂರೂ ಕೆರೆ ಹಾಳಾದ ಬಗೆಗಳು. "ಹಾಳಾದವು" ಅಂದರೆ ಮೂರನ್ನೂ ಹೊತ್ತುಕೊಳ್ಳುತ್ತದೆ. ನನ್ನದು ಹೀಗೆ ಬಂತು:

"ಬಯಲುಸೀಮೆಯ ಊರೂರಿಗೂ ಒಂದಕ್ಕೊಂದು ಕೂಡಿಕೊಂಡ ಕೆರೆಗಳಿದ್ದವು. ವರ್ಷವೂ ಊರವರೇ ಹೂಳೆತ್ತಿ ಹೊಲಕ್ಕೆ ಹಾಕಿದ್ದರಿಂದ ಎರಡಕ್ಕೂ ಒಳಿತಾಗುತ್ತಿತ್ತು. ಕೊಳವೆಬಾವಿ ಬಂದ ಮೇಲೆ ಜನ ಕೆರೆಗಳನ್ನು ಮರೆತರು, ಅವು ಹಾಳಾದವು. ಕೆರೆಯಲ್ಲಿ ನೀರು ನಿಲ್ಲದೆ ಅಂತರ್ಜಲ ಕುಸಿದು ಕೊಳವೆಬಾವಿಗಳೂ ಬತ್ತಿದವು. ಈಗ ಕೆರೆ ಮತ್ತೆ ನೆನಪಾಗುತ್ತಿದೆ."

31 ಪದ. "ಸುಮಾರು" ಅಂತ ಇರುವುದರಿಂದ ಒಂದು ಪದಕ್ಕೆ ನಾನು ಚಿಂತೆ ಮಾಡುವುದಿಲ್ಲ.

ಕೋಲಾರದ_ಹುಡುಗ

ಸರ್, "ಎರಡಕ್ಕೂ" ಅಂದರೆ ಯಾವ ಎರಡಕ್ಕೆ? ಹೂಳಿಗೂ ಹೊಲಕ್ಕೂ ಅಂತ ಓದಿಕೊಂಡೆ. ನಮ್ಮ ಮನೆಯಲ್ಲಿ ತೆಲುಗು, ನನ್ನ ಕನ್ನಡ ಅಷ್ಟಕ್ಕಷ್ಟೇ. ತಪ್ಪಿದ್ದರೆ ಹೇಳಿ.

ಹುಬ್ಬಳ್ಳಿ_ಮೇಷ್ಟ್ರು

ತಪ್ಪು ನಿಮ್ಮದಲ್ಲ, ನನ್ನದೇ. ಆ ವಾಕ್ಯದಲ್ಲಿ ಕೆರೆ ಅನ್ನುವ ಪದವೇ ಇಲ್ಲ. ಒಳ್ಳೆಯ ಕಣ್ಣು ನಿಮ್ಮದು. ಕಾವ್ಯ ಅವರೇ, ಇದನ್ನು ನೀವೇ ಸರಿಪಡಿಸಿ ನೋಡೋಣ. 31 ದಾಟಬಾರದು.

ಡೆಸ್ಕಿನವಳು

ಪದ ಉಳಿಸಲು ಸರ್ವನಾಮ ಹಾಕುವಾಗ ಯಾವಾಗಲೂ ಹೀಗಾಗುತ್ತದೆ. ಬರೆದವರಿಗೆ ಮೂಲ ಗೊತ್ತಿರುತ್ತದೆ, ಆದ್ದರಿಂದ "ಅದು", "ಇದು", "ಎರಡೂ" ಎಲ್ಲಾ ಸ್ಪಷ್ಟವಾಗೇ ಕಾಣುತ್ತದೆ. ಬರೆದ ಪ್ರೆಸಿಯನ್ನು ಮೂಲ ಓದದ ಒಬ್ಬರಿಗೆ ಕೊಟ್ಟು ಓದಿಸಿ. ಅವರು ಎಲ್ಲಿ ನಿಲ್ಲುತ್ತಾರೋ ಅಲ್ಲಿ ತಿದ್ದಬೇಕು. ಪರೀಕ್ಷೆಯಲ್ಲಿ ಹಾಗೆ ಮಾಡಲು ಆಗುವುದಿಲ್ಲ, ಅದಕ್ಕೇ ಮನೆಯಲ್ಲಿ ಮಾಡಬೇಕು.

ಮಂಡ್ಯದ_ಗೌಡ್ರು

ಕೆರೆ ಕೋಡಿ ಬಿದ್ದ ಮಾತು ಓದಿ ನಮ್ಮೂರು ನೆನಪಾಯಿತು. ಕೋಡಿ ಬಿದ್ದ ದಿನ ಊರೆಲ್ಲಾ ಏರಿ ಮೇಲೆ ಇರುತ್ತಿತ್ತು. ಹೆಂಗಸರು ಬಾಗಿನ ಬಿಡುತ್ತಿದ್ದರು, ನಾವು ಹುಡುಗರು ಕೋಡಿ ಕೆಳಗೆ ಮೀನಿಗೆ ಬಟ್ಟೆ ಹಿಡಿಯುತ್ತಿದ್ದೆವು. ಪರೀಕ್ಷೆ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಎಲ್ಲರೂ ಪಾಸಾಗಿ.

ಕಾವ್ಯ_ಅರಸೀಕೆರೆ

ಗೌಡ್ರೇ, ನಮ್ಮ ಊರಲ್ಲೂ ಹಾಗೇ ಇತ್ತಂತೆ, ಅಜ್ಜಿ ಹೇಳುತ್ತಿದ್ದರು.

ಮೇಷ್ಟ್ರೇ, ಒಂದು ಗಂಟೆ ಕೂತು ಬರೆದೆ. ಮೊದಲು "ಕೆರೆಗೂ ಹೊಲಕ್ಕೂ ಒಳಿತಾಗುತ್ತಿತ್ತು" ಅಂತ ಮಾಡಿದೆ. ಅದೇ ವಾಕ್ಯದಲ್ಲಿ "ಹೊಲಕ್ಕೆ" ಎರಡು ಸಲ ಬಂತು, 32 ಪದ ಆಯಿತು. ಆಮೇಲೆ "ಒಳಿತು" ಅನ್ನುವುದೇ ಏನನ್ನೂ ಹೇಳುತ್ತಿಲ್ಲ ಅನ್ನಿಸಿತು. ಏನು ಒಳಿತು ಅಂತ ನೇರವಾಗಿ ಹೇಳಿದೆ. ಹಾಗೆ ಮಾಡಿದ್ದಕ್ಕೆ ಆ ವಾಕ್ಯ 9 ಪದ ಆಯಿತು. ಅದನ್ನು ಸರಿದೂಗಿಸಲು ಮೂರನೇ ವಾಕ್ಯ ಕುಗ್ಗಿಸಿದೆ.

"ಬಯಲುಸೀಮೆಯ ಊರೂರಿಗೂ ಒಂದಕ್ಕೊಂದು ಕೂಡಿಕೊಂಡ ಕೆರೆಗಳಿದ್ದವು. ಊರವರೇ ವರ್ಷವೂ ಎತ್ತಿದ ಹೂಳು ಹೊಲಕ್ಕೆ ಗೊಬ್ಬರವಾಗುತ್ತಿತ್ತು, ಕೆರೆಯ ಆಳವೂ ಉಳಿಯುತ್ತಿತ್ತು. ಕೊಳವೆಬಾವಿ ಬಂದ ಮೇಲೆ ಕೇಳುವವರಿಲ್ಲದೆ ಕೆರೆಗಳು ಹಾಳಾದವು. ಕೆರೆಯಲ್ಲಿ ನೀರು ನಿಲ್ಲದೆ ಅಂತರ್ಜಲ ಕುಸಿದು ಕೊಳವೆಬಾವಿಗಳೂ ಬತ್ತಿದವು. ಈಗ ಕೆರೆ ನೆನಪಾಗುತ್ತಿದೆ."

ಸರಿಯಾಗಿ 30. ಕೊನೆಯಲ್ಲಿ "ಮತ್ತೆ" ತೆಗೆದೆ.

ಹುಬ್ಬಳ್ಳಿ_ಮೇಷ್ಟ್ರು

ಇದು ನನ್ನದಕ್ಕಿಂತ ಚೆನ್ನಾಗಿದೆ. "ಕೇಳುವವರಿಲ್ಲದೆ" ಒಂದೇ ಪದ, ಅದರೊಳಗೆ "ಕೆರೆಯ ಚಿಂತೆ ಯಾರಿಗೂ ಬೇಡವಾಯಿತು" ಅನ್ನುವುದೆಲ್ಲ ಬಂತು. ಆದರೆ "ಮತ್ತೆ" ತೆಗೆಯಬೇಡಿ. ಮರೆತದ್ದು ನೆನಪಾಯಿತು ಅನ್ನುವುದೇ ಆ ಗದ್ಯದ ಕೊನೆ. ಒಂದು ಪದ ಜಾಸ್ತಿ ಇರಲಿ.

ಡೆಸ್ಕಿನವಳು

ನನಗೆ "ಮತ್ತೆ" ಬೇಡ ಅನ್ನಿಸುತ್ತದೆ. "ನೆನಪಾಗುತ್ತಿದೆ" ಅಂದ ಮೇಲೆ ಮರೆತಿದ್ದು ಗೊತ್ತೇ ಇದೆ ಅಲ್ವಾ?

ಹುಬ್ಬಳ್ಳಿ_ಮೇಷ್ಟ್ರು

ನಿಮ್ಮ ಪ್ರಕಾರ ಸರಿ, ನನ್ನ ಪ್ರಕಾರ ಅಲ್ಲ. ಇರಲಿ.

ಶಿವು_ಚಿತ್ರದುರ್ಗ

ಮೇಷ್ಟ್ರೇ, ಸೇರಿಸಿ ಬರೆಯುವ ವಿಷಯಕ್ಕೆ ಬರುತ್ತೇನೆ ಅಂದಿದ್ದಿರಿ. ನೀವೇ "ಹೂಳೆತ್ತಿ" ಅಂತ ಸೇರಿಸಿ ಬರೆದಿದ್ದೀರಿ. "ಕೆರೆಗಳಿದ್ದವು" ಅಂತಲೂ. ನಾನು ಹೇಳಿದ್ದೂ ಅದನ್ನೇ ತಾನೆ?

ಹುಬ್ಬಳ್ಳಿ_ಮೇಷ್ಟ್ರು

ಅರ್ಧ ಸರಿ. ಮಾತಾಡುವಾಗ ನಾವು "ಹೂಳೆತ್ತುವುದು" ಅಂತ ಒಂದೇ ಉಸಿರಿಗೆ ಹೇಳುತ್ತೇವೆ. ಅದು ಈಗ ಒಂದೇ ಪದ. "ಕೆರೆಗಳಿದ್ದವು" ಸಹಜವಾದ ಲೋಪಸಂಧಿ. "ಬಂದ ಮೇಲೆ" ಅನ್ನುವುದನ್ನು ಕೆಲವರು ಬಿಡಿಸಿ ಬರೆಯುತ್ತಾರೆ, ಕೆಲವರು ಸೇರಿಸಿ ಬರೆಯುತ್ತಾರೆ. ಎರಡೂ ನಡೆಯುತ್ತದೆ. ಆದರೆ ಪದ ಉಳಿಸಲು ಅಂತಲೇ "ಅಂತರ್ಜಲಕುಸಿದು", "ಜನಮರೆತರು" ಅಂತ ಅಂಟಿಸಿದವರನ್ನು ಅಭ್ಯಾಸದ ಉತ್ತರಗಳಲ್ಲಿ ನೋಡಿದ್ದೇನೆ. ಓದುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ. ಭಾಷೆಗೆ ಇರುವ ಅಂಕ ಅಲ್ಲಿ ಹೋಗುತ್ತದೆ.

ನನ್ನ ಗುರುತು ಒಂದೇ. ಸೇರಿಸಿದ ಪದವನ್ನು ಗಟ್ಟಿಯಾಗಿ ಓದಿ. ನಡುವೆ ಉಸಿರು ನಿಂತರೆ ಅದು ಎರಡು ಪದ.

ಅನಾಮಿಕ

ಪರೀಕ್ಷಕರು ನಿಜವಾಗಿಯೂ ಪದ ಎಣಿಸುತ್ತಾರಾ? ನನಗೆ ನಂಬಿಕೆ ಇಲ್ಲ. ಕಣ್ಣಳತೆಯಲ್ಲೇ ನೋಡುತ್ತಾರೆ.

ಮೂರನೇ_ಪ್ರಯತ್ನ

ಹಳೆಯ ಕಾಲದಲ್ಲಿ ಪ್ರೆಸಿಗೆ ಅಂತಲೇ ಬೇರೆ ಹಾಳೆ ಕೊಡುತ್ತಿದ್ದರು. ಆಗ ಎಣಿಕೆ ಸುಲಭವಾಗಿತ್ತು. ಈಗ ಉತ್ತರಪುಸ್ತಕದಲ್ಲೇ ಬರೆಯುವುದು. ಎಣಿಸುತ್ತಾರೋ ಇಲ್ಲವೋ, ಮೂಲ ಒಂದೂವರೆ ಪುಟ ಇದ್ದು ನಿಮ್ಮದೂ ಒಂದು ಪುಟ ಬಂದರೆ ಕಣ್ಣಳತೆಯಲ್ಲೇ ಸಿಕ್ಕಿಬೀಳುತ್ತೀರಿ.

ಅನಾಮಿಕ

ನನ್ನ ಅಕ್ಷರ ದೊಡ್ಡದು. ನಾನು ಏನು ಮಾಡಲಿ?

ಮೂರನೇ_ಪ್ರಯತ್ನ

ಕೊನೆಯಲ್ಲಿ ಪದಸಂಖ್ಯೆ ಬರೆದುಬಿಡಿ. ನಾನು ಬರೆಯುತ್ತೇನೆ. ಅದರಿಂದ ಲಾಭ ಇದೆಯೋ ಇಲ್ಲವೋ ಹೇಳಲಾರೆ, ಆದರೆ ಸುಳ್ಳು ಸಂಖ್ಯೆ ಮಾತ್ರ ಬರೆಯಬೇಡಿ.

ಕಾವ್ಯ_ಅರಸೀಕೆರೆ

ಅನುವಾದದ ಬಗ್ಗೆ ಇನ್ನೂ ಯಾರೂ ಹೇಳಿಲ್ಲ. ಇದೇ ಕೆರೆಯ ವಿಷಯದ ಒಂದು ಇಂಗ್ಲಿಷ್ ವಾಕ್ಯ, ಕನ್ನಡ ಲಿಪಿಯಲ್ಲೇ ಕೊಡುತ್ತೇನೆ: "ದಿ ಟ್ಯಾಂಕ್, ವಿಚ್ ವಾಸ್ ಬಿಲ್ಟ್ ಬೈ ದಿ ವಿಲೇಜರ್ಸ್, ವಾಸ್ ನೆಗ್ಲೆಕ್ಟೆಡ್ ಆಫ್ಟರ್ ಬೋರ್‌ವೆಲ್ಸ್ ಕೇಮ್." 13 ಪದ.

ನಾನು ಬರೆದದ್ದು: "ಯಾವ ಕೆರೆಯು ಹಳ್ಳಿಗರಿಂದ ಕಟ್ಟಲ್ಪಟ್ಟಿತ್ತೋ ಅದು ಕೊಳವೆಬಾವಿಗಳು ಬಂದ ನಂತರ ನಿರ್ಲಕ್ಷಿಸಲ್ಪಟ್ಟಿತು."

ತಪ್ಪೇನೂ ಇಲ್ಲ. ಆದರೆ ನಮ್ಮ ಅಜ್ಜಿಗೆ ಓದಿ ಹೇಳಿದರೆ ಅರ್ಥವಾಗುವುದಿಲ್ಲ.

ಡೆಸ್ಕಿನವಳು

ಇದು ನನ್ನ ದಿನದ ಕೆಲಸ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಇಂಗ್ಲಿಷ್‌ನ "ವಿಚ್" ಕಂಡ ಕೂಡಲೇ ನಮ್ಮ ಕೈ "ಯಾವ... ಅದು" ಅಂತ ಬರೆಯುತ್ತದೆ. ಕನ್ನಡದಲ್ಲಿ ಅದಕ್ಕೆ ಬೇರೆ ದಾರಿ ಇದೆ. ಕ್ರಿಯಾಪದವನ್ನೇ ನಾಮಪದದ ಮುಂದೆ ತಂದು ನಿಲ್ಲಿಸುವುದು: "ಊರವರು ಕಟ್ಟಿದ ಕೆರೆ". ಅಲ್ಲಿಗೆ "ಯಾವ", "ಅದು" ಎರಡೂ ಬೇಡ. ಇನ್ನು "ಕಟ್ಟಲ್ಪಟ್ಟ". ಇಂಗ್ಲಿಷ್‌ನಲ್ಲಿ ಕರ್ಮಣಿ ಪ್ರಯೋಗ ಜಾಸ್ತಿ, ನಮ್ಮ ಮಾತಿನಲ್ಲಿ ತೀರಾ ಕಡಿಮೆ. ಮಾಡಿದವರು ವಾಕ್ಯದಲ್ಲಿ ಇದ್ದರೆ ಅವರನ್ನೇ ಮುಂದೆ ತನ್ನಿ. ಇಲ್ಲದಿದ್ದರೆ "ಯಾರೂ" ಅಥವಾ "ಜನ" ಹಾಕಿ.

"ಊರವರು ಕಟ್ಟಿದ ಕೆರೆಯನ್ನು ಕೊಳವೆಬಾವಿ ಬಂದ ಮೇಲೆ ಯಾರೂ ಕೇಳಲಿಲ್ಲ." 8 ಪದ. ನಿಮ್ಮದು 9. ಪದದ ಲೆಕ್ಕದಲ್ಲಿ ಒಂದೇ ವ್ಯತ್ಯಾಸ, ಓದುವಾಗ ಮಾತ್ರ ಬಹಳ.

ಇನ್ನೊಂದು, ನೀವು "ಟ್ಯಾಂಕ್" ಅನ್ನು ಕೆರೆ ಅಂತ ಸರಿಯಾಗಿ ಬರೆದಿದ್ದೀರಿ. ಹೊಸದಾಗಿ ಬಂದ ಹುಡುಗನೊಬ್ಬ "ಟ್ಯಾಂಕ್ ಬೆಡ್" ಅನ್ನುವುದನ್ನು "ತೊಟ್ಟಿಯ ಹಾಸಿಗೆ" ಅಂತ ಬರೆದಿದ್ದ. ಅಚ್ಚಿಗೆ ಹೋಗುವ ಮೊದಲು ಸಿಕ್ಕಿತು. ಅದು ಕೆರೆಯಂಗಳ. ಅವನು ನಗರದಲ್ಲೇ ಬೆಳೆದವನು, ನೀರಿನ ತೊಟ್ಟಿ ಬಿಟ್ಟು ಬೇರೆ ಟ್ಯಾಂಕ್ ನೋಡಿರಲಿಲ್ಲ. ಪದಕೋಶದಲ್ಲಿ ಸಿಗುವ ಮೊದಲ ಅರ್ಥ ಹಾಕುವ ಮುಂಚೆ ವಾಕ್ಯ ಯಾವುದರ ಬಗ್ಗೆ ಅಂತ ನೋಡಬೇಕು.

ಹುಬ್ಬಳ್ಳಿ_ಮೇಷ್ಟ್ರು

ಒಂದು ತಕರಾರು. "ನೆಗ್ಲೆಕ್ಟೆಡ್" ಅಂದರೆ "ಯಾರೂ ಕೇಳಲಿಲ್ಲ" ಅನ್ನುವುದು ಪತ್ರಿಕೆಗೆ ಸರಿ. ಪರೀಕ್ಷೆಯಲ್ಲಿ "ಕಡೆಗಣಿಸಿದರು" ಅಂತ ಬರೆದರೆ ಮೂಲಕ್ಕೆ ಹತ್ತಿರ. ಅನುವಾದ ಪ್ರೆಸಿ ಅಲ್ಲ. ಅಲ್ಲಿ ಬಿಗಿ ಮಾಡುವುದಕ್ಕೆ ಅಂಕ ಇಲ್ಲ, ಏನೂ ಬಿಡದೆ ತರುವುದಕ್ಕೆ ಅಂಕ. ಪ್ರೆಸಿ ಬರೆದು ಅದೇ ಕೈಯಲ್ಲಿ ಅನುವಾದಕ್ಕೆ ಹೋದವರು ವಿಶೇಷಣಗಳನ್ನು ನುಂಗುತ್ತಾರೆ. ನಮ್ಮ ತರಗತಿಯಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ.

ಡೆಸ್ಕಿನವಳು

"ಕಡೆಗಣಿಸಿದರು" ಒಳ್ಳೆಯ ಪದ, ಒಪ್ಪುತ್ತೇನೆ. ಆದರೆ ಯಾರು ಕಡೆಗಣಿಸಿದರು ಅಂತ ಮೂಲದಲ್ಲಿ ಇಲ್ಲ. "ಜನ ಕಡೆಗಣಿಸಿದರು" ಅಂದರೆ ನಾವು ಸೇರಿಸಿದ ಹಾಗಾಗುತ್ತದೆ. "ಕಡೆಗಣನೆಗೆ ಒಳಗಾಯಿತು" ಅಂದರೆ ಮತ್ತೆ ಸುತ್ತೋಲೆ ಭಾಷೆ. ಇದಕ್ಕೆ ನನ್ನ ಹತ್ತಿರವೂ ಪೂರ್ತಿ ಉತ್ತರ ಇಲ್ಲ.

ಕೋಲಾರದ_ಹುಡುಗ

ಕನ್ನಡದಿಂದ ಇಂಗ್ಲಿಷ್‌ಗೆ ಹೋಗುವಾಗ ನನಗೆ ಉಲ್ಟಾ ಆಗುತ್ತದೆ. ಪದ ಜಾಸ್ತಿ ಆಗುತ್ತದೆ. ಇದು ತಪ್ಪಾ?

ಹುಬ್ಬಳ್ಳಿ_ಮೇಷ್ಟ್ರು

ತಪ್ಪಲ್ಲ, ಹಾಗೇ ಆಗಬೇಕು. "ಹೋಗಬೇಕಾಗಿತ್ತಂತೆ" ನಮಗೆ ಒಂದು ಪದ. ಇಂಗ್ಲಿಷ್‌ನಲ್ಲಿ "ಇಟ್ ಸೀಮ್ಸ್ ಹಿ ಹ್ಯಾಡ್ ಟು ಗೋ", ಆರು. ಪದ ಕಡಿಮೆ ಮಾಡಲು ಹೋಗಿ "ಹಿ ಹ್ಯಾಡ್ ಟು ಗೋ" ಅಂತ ಬರೆದರೆ "ಅಂತೆ" ಬಿಟ್ಟುಹೋಗುತ್ತದೆ. ಕೇಳಿದ ಸುದ್ದಿ ಕಂಡ ಸುದ್ದಿಯಾಗಿಬಿಡುತ್ತದೆ. "ಅಂತೆ", "ಏ", "ಊ", "ಆದರೂ" ಇವು ಪದದ ಬಾಲದಲ್ಲಿ ಅಂಟಿಕೊಂಡಿರುತ್ತವೆ, ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ. ಅನುವಾದ ಶುರು ಮಾಡುವ ಮೊದಲು ಗದ್ಯದಲ್ಲಿ ಇವುಗಳ ಕೆಳಗೆ ಗೆರೆ ಎಳೆಯಿರಿ. ಕಾವ್ಯ ಅವರ ಗದ್ಯದಲ್ಲಿ "ಆ ಕೊಳವೆಬಾವಿಗಳೇ ಬತ್ತಿಹೋದವು" ಅಂತ ಇದೆ ನೋಡಿ. ಆ "ಏ" ತೆಗೆದರೆ ವಾಕ್ಯದ ಅರ್ಧ ಜೀವ ಹೋಯಿತು. ಇಂಗ್ಲಿಷ್‌ಗೆ ಅದನ್ನು ತರಲು "ವೆರಿ" ಅಥವಾ "ಈವನ್" ಬೇಕಾಗುತ್ತದೆ.

ಗೀತಾ_ಟೀಚರ್

ನಾನು ಮೊದಲು ಪ್ರಶ್ನೆ ಸರಿಯಾಗಿ ಓದಿರಲಿಲ್ಲ, ಕ್ಷಮಿಸಿ. ಈಗ ಎಲ್ಲವನ್ನೂ ಓದಿದೆ. ಇವತ್ತು ತರಗತಿಯಲ್ಲಿ ಒಂದು ಪಾಠದ ಮೊದಲ ಪ್ಯಾರಾ ಕೊಟ್ಟು ಮೂರನೇ ಒಂದು ಭಾಗಕ್ಕೆ ಇಳಿಸಿ ಅಂದೆ. 32 ಮಕ್ಕಳಲ್ಲಿ 29 ಮಂದಿ ಮೊದಲ ಎರಡು ವಾಕ್ಯ ಹಾಗೇ ಬರೆದು ಉಳಿದದ್ದನ್ನು ಬಿಟ್ಟರು. ಮೇಷ್ಟ್ರು ಹೇಳಿದ ಹಾಗೆ ಪುಸ್ತಕ ಮುಚ್ಚಿಸಿ ಎರಡನೇ ಸಲ ಬರೆಸಿದೆ. ಆಗ ಕೊನೆಯ ವಾಕ್ಯದ ವಿಷಯವೂ ಬಂತು. ಆದರೆ ಹೆಸರುಗಳು ತಪ್ಪಾದವು. ಅದಕ್ಕೆ ಏನು ಮಾಡಬೇಕು?

ಹುಬ್ಬಳ್ಳಿ_ಮೇಷ್ಟ್ರು

ಹೆಸರು, ಇಸವಿ ಮಾತ್ರ ಅಂಚಿನಲ್ಲಿ ಬರೆದುಕೊಂಡು ಪುಸ್ತಕ ಮುಚ್ಚಲಿ.

ಮೂರನೇ_ಪ್ರಯತ್ನ

ಕೆಎಎಸ್ ಬರೆಯುವವರಿಗೆ ಒಂದು ಮಾತು. ಅಲ್ಲೂ ಮೇನ್ಸ್‌ನಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಅರ್ಹತಾ ಪತ್ರಿಕೆಗಳೇ, ತಲಾ 150 ಅಂಕ. ಸಂಕ್ಷೇಪದ ಪ್ರಶ್ನೆ ಅಲ್ಲಿ ಬೇರೆ ರೀತಿ ಇರಬಹುದು. ಶೀರ್ಷಿಕೆ ಬೇಕೋ ಬೇಡವೋ ಅಂತ ಆ ಪತ್ರಿಕೆಯ ಸೂಚನೆಯನ್ನೇ ಓದಿ. ಒಂದು ಪರೀಕ್ಷೆಯ ಅಭ್ಯಾಸ ಇನ್ನೊಂದಕ್ಕೆ ಹಾಗೇ ಒಯ್ಯಬೇಡಿ.

ಶಿವು_ಚಿತ್ರದುರ್ಗ

ನಾನು ಶೀರ್ಷಿಕೆ ಅಂದಿದ್ದು ಅದಕ್ಕೇ. ಕಾಲೇಜಿನಲ್ಲಿ ಶೀರ್ಷಿಕೆ ಬರೆಯಲು ಹೇಳಿಕೊಟ್ಟಿದ್ದರು.

ಮೇಷ್ಟ್ರೇ, ಮತ್ತೊಮ್ಮೆ ಬರೆದೆ. ನಿಮ್ಮ ಮಾತಿನಂತೆ ಹಾಳೆ ಮುಚ್ಚಿ ಬರೆದದ್ದು. ಕಾರಣದ ವಾಕ್ಯ ಇದು: "ಬರಿದಾದ ಕೆರೆಯಿಂದ ಅಂತರ್ಜಲ ಇಂಗಿ ಕೊಳವೆಬಾವಿಗಳೂ ಒಣಗಿದವು." ಸರಿಯಾ?

ಹುಬ್ಬಳ್ಳಿ_ಮೇಷ್ಟ್ರು

6 ಪದ, ಕಾರಣವೂ ಬಂದಿದೆ. ಆದರೆ "ಇಂಗಿ" ಇಲ್ಲಿ ತೊಡಕು. ನೀರು ನೆಲದೊಳಗೆ ಹೋಗುವುದಕ್ಕೂ ಇಂಗುವುದು ಅನ್ನುತ್ತೇವೆ. ಇಂಗುಗುಂಡಿ ಇರುವುದು ಅಂತರ್ಜಲ ಹೆಚ್ಚಿಸಲು. ಓದುವವರು ಉಲ್ಟಾ ಅರ್ಥ ಮಾಡಿಕೊಳ್ಳಬಹುದು. "ಕುಸಿದು" ಅಥವಾ "ಇಳಿದು" ಹಾಕಿ.

ಶಿವು_ಚಿತ್ರದುರ್ಗ

ನಮ್ಮ ಕಡೆ ನೀರು ಒಣಗಿಹೋಗುವುದಕ್ಕೂ ಇಂಗಿತು ಅಂತಲೇ ಅನ್ನುತ್ತಾರೆ ಮೇಷ್ಟ್ರೇ. ಆದರೂ "ಇಳಿದು" ಹಾಕುತ್ತೇನೆ.

ಕಾವ್ಯ_ಅರಸೀಕೆರೆ

ನಾಳೆ ಒಂದು ಹಳೆಯ ಪತ್ರಿಕೆಯ ಪೂರ್ತಿ ಗದ್ಯಭಾಗ ತೆಗೆದುಕೊಂಡು 40 ನಿಮಿಷಕ್ಕೆ ಅಲಾರಂ ಇಟ್ಟು ಬರೆಯುತ್ತೇನೆ. ಕೈಬರಹದ ಫೋಟೋ ಹಾಕುತ್ತೇನೆ. ಡೆಸ್ಕಿನ ಅಕ್ಕ, ನೀವು ಮೂಲ ಓದಬೇಡಿ. ನನ್ನ ಪ್ರೆಸಿ ಮಾತ್ರ ಓದಿ, ಎಲ್ಲಿ ನಿಂತಿರಿ ಅಂತ ಹೇಳಿ.

ಡೆಸ್ಕಿನವಳು

ಆಗಲಿ. ರಾತ್ರಿ ಪಾಳಿ ಮುಗಿದ ಮೇಲೆ ನೋಡುತ್ತೇನೆ, ಒಂದು ಗಂಟೆ ಆಗಬಹುದು.